ಅಪೊಸ್ಟಿಲ್ ಮುದ್ರೆಯನ್ನು ನಂಬಿ ನಾನು ಕೊಟ್ಟ ಅಭಿಪ್ರಾಯ

ವಿದೇಶಿ ನ್ಯಾಯಾಲಯಗಳ ಡಿಕ್ರಿಗಳ ಬಗ್ಗೆ ಅಭಿಪ್ರಾಯ ಬರೆದುಕೊಡಲು ನಮ್ಮ ಕಚೇರಿಯಲ್ಲಿ ಎರಡು ಪುಟದ ಸಿದ್ಧ ನಮೂನೆಯೊಂದಿದೆ. ದೃಢೀಕೃತ ಪ್ರತಿ ಇದೆಯೇ, ದಾಖಲೆಯ ಸಹಿ, ಮುದ್ರೆ ಅಸಲಿ ಎಂದು ಆ ದೇಶ ದೃಢೀಕರಿಸುವ ಅಪೊಸ್ಟಿಲ್ ಆಗಿದೆಯೇ, ಅಪೀಲಿನ ಅವಧಿ ಮುಗಿದಿದೆಯೇ ಎಂದು ಅದು ಕೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಿಂದ ಮರಳಿ ಬಂದ ಕಕ್ಷಿದಾರರೊಬ್ಬರ ವಿಚ್ಛೇದನದ ಡಿಕ್ರಿಗೆ ನಾನು ಈ ಮೂರಕ್ಕೂ ಗುರುತು ಹಾಕಿ, ಅವರು ಮರುಮದುವೆಯಾಗಲು ಅಡ್ಡಿಯಿಲ್ಲ ಎಂದು ಸಹಿ ಮಾಡಿಕೊಟ್ಟೆ.

ಅವರ ಮೊದಲ ಮದುವೆ ಶಿವಮೊಗ್ಗದಲ್ಲಿ, ಹಿಂದೂ ಪದ್ಧತಿಯಂತೆ ನಡೆದಿತ್ತು. ಹೆಂಡತಿ ತವರಿಗೆ ಮರಳಿದ ಎರಡನೆಯ ವರ್ಷ ಇವರು ಕ್ಯಾಲಿಫೋರ್ನಿಯಾದಲ್ಲಿಯೇ ಅರ್ಜಿ ಹಾಕಿ, ಸಮನ್ಸನ್ನು ಕೊರಿಯರ್ ಮೂಲಕ ಶಿವಮೊಗ್ಗದ ವಿಳಾಸಕ್ಕೆ ಕಳುಹಿಸಿದ್ದರು. ಆಕೆ ಹಾಜರಾಗಲಿಲ್ಲ. ಸರಿಪಡಿಸಲಾಗದ ಭಿನ್ನಾಭಿಪ್ರಾಯ ಎಂಬ ಆಧಾರದ ಮೇಲೆ ಎಕ್ಸ್‌ಪಾರ್ಟಿ ಡಿಕ್ರಿಯಾಯಿತು. ಕಡತದಲ್ಲಿ ಆಕೆ ಗಂಡನ ವಕೀಲರಿಗೆ ಬರೆದ ಇಮೇಲ್ ಒಂದಿತ್ತು: ತನಗೆ ಒಪ್ಪಿಗೆಯಿಲ್ಲ, ಅಲ್ಲಿಗೆ ಬರುವ ಶಕ್ತಿಯೂ ಇಲ್ಲ ಎಂದು. ಎರಡು ಬಾರಿ ಓದಿಯೂ ನಾನು ಅದನ್ನು 'ಪ್ರತಿವಾದಿಗೆ ತಿಳಿವಳಿಕೆ ಇತ್ತು, ಪ್ರತಿಕ್ರಿಯಿಸಿದ್ದಾರೆ' ಎಂದು ನನ್ನ ಅನುಕೂಲಕ್ಕೆ ಬರೆದುಕೊಂಡೆ.

ಕಕ್ಷಿದಾರರು ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟರು. ಆಕ್ಷೇಪಣೆಗಿರುವ ಮೂವತ್ತು ದಿನ ಮುಗಿಯಲು ನಾಲ್ಕು ದಿನವಿರುವಾಗ ಮೊದಲ ಹೆಂಡತಿಯ ಆಕ್ಷೇಪಣೆ ಬಂತು: ವರನಿಗೆ ಜೀವಂತ ಪತ್ನಿಯಿದ್ದಾಳೆ, ಅದು ನಾನೇ. ವಿಚಾರಣೆಯ ದಿನ ವಿವಾಹಾಧಿಕಾರಿಯ ಮೇಜಿನ ಮೇಲೆ ಅಪೊಸ್ಟಿಲ್ ಇದ್ದ ಡಿಕ್ರಿಯನ್ನು ನಾನು ತುಸು ಗತ್ತಿನಿಂದಲೇ ಇಟ್ಟೆ. ಎದುರು ಪಕ್ಷದ ಹಿರಿಯ ವಕೀಲೆ ಅದನ್ನು ಮುಟ್ಟಲೂ ಇಲ್ಲ. "ಮುದ್ರೆ ಅಸಲಿಯೇ ಇರಲಿ ವಕೀಲರೇ, ಅದು ಕಾಗದದ ಸಾಚಾತನಕ್ಕೆ ಸಾಕ್ಷಿ. ಈ ಆಧಾರ ಹಿಂದೂ ವಿವಾಹ ಕಾಯ್ದೆಯಲ್ಲಿ ಎಲ್ಲಿದೆ, ತೋರಿಸಿ" ಎಂದರು. ವಿದೇಶಿ ತೀರ್ಪಿನ ದೃಢೀಕೃತ ಪ್ರತಿ ಹಾಜರಾದರೆ ಅದನ್ನು ಸಮರ್ಥ ನ್ಯಾಯಾಲಯವೇ ಕೊಟ್ಟಿದೆ ಎಂದು ಭಾವಿಸಬೇಕೆನ್ನುವ ಸಿವಿಲ್ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಪಿಸಿಯ, 14ನೇ ಕಲಮನ್ನು ನಾನು ಎತ್ತಿಕೊಂಡೆ. ಅದು ನ್ಯಾಯವ್ಯಾಪ್ತಿಯ ಬಗ್ಗೆ ಮಾತ್ರ, ಅದೂ ಅಲ್ಲಗಳೆಯಬಹುದಾದ ಪೂರ್ವಭಾವನೆ ಎಂದು ಅವರು ನೆನಪಿಸಿದರು. ಅಧಿಕಾರಿ ನನ್ನನ್ನೇ ನೋಡುತ್ತಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಕಕ್ಷಿದಾರರ ಕಡೆಗೆ ತಿರುಗುವ ಧೈರ್ಯ ನನಗಾಗಲಿಲ್ಲ.

ನಾನು ಓದಿರಬೇಕಾಗಿದ್ದುದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಮಾನಿಸಿದ ವೈ. ನರಸಿಂಹ ರಾವ್ ಪ್ರಕರಣವನ್ನು. ತಿರುಪತಿಯಲ್ಲಿ 1975ರಲ್ಲಿ ಮದುವೆಯಾದ ಗಂಡ ಅಮೆರಿಕದ ಮಿಸೌರಿಯಲ್ಲಿ ಡಿಕ್ರಿ ಪಡೆದು ಇಲ್ಲಿ ಮರುಮದುವೆಯಾದಾಗ, ಮೊದಲ ಹೆಂಡತಿ ದ್ವಿಪತ್ನಿತ್ವದ ಫಿರ್ಯಾದು ಕೊಟ್ಟಿದ್ದರು. ವಿದೇಶಿ ತೀರ್ಪು ಯಾವಾಗ ಇಲ್ಲಿ ನಿರ್ಣಾಯಕವಲ್ಲ ಎಂದು ಹೇಳುವ ಸಿಪಿಸಿ 13ನೇ ಕಲಮನ್ನು ನ್ಯಾಯಾಲಯ ದಾಂಪತ್ಯಕ್ಕೆ ಅನ್ವಯಿಸಿ ಹೇಳಿದ್ದು ಇಷ್ಟು: ನ್ಯಾಯವ್ಯಾಪ್ತಿಯೂ ವಿಚ್ಛೇದನದ ಆಧಾರವೂ ಯಾವ ಕಾಯ್ದೆಯಡಿ ಮದುವೆಯಾಯಿತೋ ಆ ಕಾಯ್ದೆಗೆ ಅನುಗುಣವಾಗಿರಬೇಕು. ವಿನಾಯಿತಿಗಳು ಮೂರೇ. ಪ್ರತಿವಾದಿ ಆ ದೇಶದಲ್ಲಿಯೇ ಕಾಯಂ ನೆಲೆಸಿದ್ದು ಆಧಾರವೂ ನಮ್ಮ ಕಾಯ್ದೆಯದಾಗಿರಬೇಕು. ಇಲ್ಲವೇ ಆಕೆ ಸ್ವಇಚ್ಛೆಯಿಂದ ಆ ನ್ಯಾಯಾಲಯಕ್ಕೆ ಒಳಪಟ್ಟು, ಅಂಥದೇ ಆಧಾರದ ಮೇಲಿನ ಅರ್ಜಿಯನ್ನು ಎದುರಿಸಿ ವಾದಿಸಿರಬೇಕು. ಅದೂ ಇಲ್ಲವೆಂದರೆ ಆಕೆ ವಿಚ್ಛೇದನ ಕೊಡಲು ಒಪ್ಪಿರಬೇಕು. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗಳು ಇಲ್ಲಿ ಉಳಿಯುವುದು ಈ ಮೂರನೆಯ ದಾರಿಯಿಂದಲೇ. ಪ್ರತಿಭಟಿಸಿ ಉತ್ತರ ಕಳುಹಿಸುವುದು ಒಳಪಡುವುದಲ್ಲ. ನೋಟಿಸ್ ತಲುಪಿದರೆ ಸಾಲದು, ಪ್ರತಿವಾದಿಗೆ ಪರಿಣಾಮಕಾರಿಯಾಗಿ ಎದುರಿಸುವ ಸ್ಥಿತಿಯಿತ್ತೇ ಎಂದೂ, ಅಗತ್ಯವಿದ್ದರೆ ಪ್ರಯಾಣದ ವೆಚ್ಚ ಕೊಡಿಸಲಾಯಿತೇ ಎಂದೂ ನೋಡಬೇಕು. ನಾನು ಅನುಕೂಲಕ್ಕೆ ಬಳಸಿಕೊಂಡ ಇಮೇಲ್ ನಮ್ಮ ವಿರುದ್ಧದ ಅತ್ಯುತ್ತಮ ಸಾಕ್ಷ್ಯವಾಗಿತ್ತು.

ಕೊರಿಯರಿನದು ಇನ್ನೊಂದು ಕಥೆ. ನ್ಯಾಯಾಲಯದ ದಾಖಲೆಗಳನ್ನು ಬೇರೆ ದೇಶದಲ್ಲಿರುವವರಿಗೆ ತಲುಪಿಸುವ ಬಗೆಗಿನ ಹೇಗ್ ಸರ್ವಿಸ್ ಒಡಂಬಡಿಕೆಗೆ ಸೇರುವಾಗ ಭಾರತ ಅಂಚೆಯ ಮೂಲಕದ ಜಾರಿಗೆ ಆಕ್ಷೇಪ ಸೂಚಿಸಿದೆ. ಸಮನ್ಸ್ ಕೇಂದ್ರ ಕಾನೂನು ಸಚಿವಾಲಯದ ಮೂಲಕ ಬರಬೇಕು. ನಮ್ಮ ಕಡತದಲ್ಲಿದ್ದುದು ಯಾರೋ ಸಹಿ ಹಾಕಿದ ಕೊರಿಯರ್ ರಸೀದಿ ಮಾತ್ರ.

ಅಂದು ನಾವು ನೋಟಿಸನ್ನು ಹಿಂಪಡೆದೆವು. ಮದುವೆ ಆಗಿಬಿಟ್ಟಿದ್ದರೆ ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧದ ಆರೋಪವನ್ನು ಕಕ್ಷಿದಾರರು ಎದುರಿಸಬೇಕಾಗುತ್ತಿತ್ತು, ನನ್ನ ಸಹಿಯ ಬಲದ ಮೇಲೆ. ಕೊನೆಗೆ ಜೀವನಾಂಶದ ಮಾತುಕತೆ ಮುಗಿದು, ಇಬ್ಬರೂ ಕೂಡಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯನ್ನು ಕುಟುಂಬ ನ್ಯಾಯಾಲಯಕ್ಕೆ ಸಲ್ಲಿಸಿದರು. ಬೇರೆಯಾಗಿ ಒಂದೂವರೆ ವರ್ಷ ದಾಟಿದ್ದರಿಂದ, ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡುವಂತೆ ಕೇಳಿದ ನಮ್ಮ ಮಧ್ಯಂತರ ಅರ್ಜಿ ಕೂಡ ಮಂಜೂರಾಯಿತು.

ನಮೂನೆಗೆ ನಾನು ನಾಲ್ಕು ಪ್ರಶ್ನೆ ಸೇರಿಸಿದೆ: ಆಧಾರ ಯಾವುದು, ಆಕೆ ಆಗ ಎಲ್ಲಿದ್ದಳು, ಒಪ್ಪಿದಳೇ ಅಥವಾ ವಾದಿಸಿದಳೇ, ಸಮನ್ಸ್ ಯಾವ ದಾರಿಯಲ್ಲಿ ಬಂತು. ಅಭಿಪ್ರಾಯಕ್ಕೆ ಇಂತಿಷ್ಟೇ ಶುಲ್ಕ ಎಂದು ಗೊತ್ತುಮಾಡಿರುವ ನಮ್ಮ ಹಿರಿಯರು, "ಎರಡು ಪುಟ ದಾಟಬಾರದಪ್ಪ" ಎಂದರು. ಅಕ್ಷರದ ಗಾತ್ರವನ್ನು ಇಳಿಸಿ ಎರಡೇ ಪುಟದಲ್ಲಿ ಹಿಡಿಸಿದ್ದೇನೆ.