ಡಕ್ಟ್ ಟೆಸ್ಟ್ ಫೇಲಾದ ವಾರ: ಎನ್‌ಸಿಆರ್ ಬರೆದದ್ದು, ಮರುಟೆಸ್ಟ್ ಮಾಡಿಸಿದ್ದು

ಸೋಮವಾರ

ಬೆಂಗಳೂರಿನ ಹೊರವಲಯದ ನಮ್ಮ ಲ್ಯಾಬ್ ಕಟ್ಟಡದ ಮೂರನೇ ಮಹಡಿಯಲ್ಲಿ ಇವತ್ತು ಏಸಿ ಗಾಳಿ ಒಯ್ಯುವ ಸಪ್ಲೈ ಡಕ್ಟಿನ ಮೊದಲ ಲೀಕೇಜ್ ಟೆಸ್ಟ್. ಫೇಲು. ಬರೀ ಫೇಲಾಗಿದ್ದರೆ ಎರಡು ಸಾಲಲ್ಲಿ ಮುಗಿಸುತ್ತಿದ್ದೆ. ಆದರೆ ಕಂಟ್ರಾಕ್ಟರ್ ಕಡೆಯವರು "ಹೆಚ್ಚುಕಡಿಮೆ ಪಾಸೇ ಮೇಡಂ" ಎಂದು ಹಾಳೆಗೆ ಸಹಿ ಕೇಳಿದ್ದರಿಂದ ಸಂಜೆಯೆಲ್ಲ ಲೆಕ್ಕದಲ್ಲೇ ಹೋಯಿತು.

ಟೆಸ್ಟಿಗೆ ಆರಿಸಿದ್ದು 900 × 400 ಮಿ.ಮೀ. ಡಕ್ಟಿನ 20 ಮೀಟರ್, ಅದರಿಂದ ಕವಲೊಡೆದ 500 × 300 ಡಕ್ಟಿನ 10 ಮೀಟರ್. ಸುತ್ತಳತೆಯನ್ನು ಉದ್ದದಿಂದ ಗುಣಿಸಿದರೆ 52 ಮತ್ತು 16, ಒಟ್ಟು 68 ಚದರ ಮೀಟರ್ ತಗಡು. ನಮ್ಮ ಸ್ಪೆಕ್ ಕೇಳುವುದು ತಗಡಿನ ಡಕ್ಟುಗಳ ಬ್ರಿಟಿಷ್ ಮಾನದಂಡ ಡಿಡಬ್ಲ್ಯು/144ರ ಕ್ಲಾಸ್ ಬಿ, 500 ಪಾಸ್ಕಲ್ ಒತ್ತಡದಲ್ಲಿ. ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಸೋರಬಹುದು ಎನ್ನುವುದಕ್ಕೆ ಸೂತ್ರ ಇದು, p ಅಂದರೆ ಪಾಸ್ಕಲ್ ಲೆಕ್ಕದ ಒತ್ತಡ:

```
0.009 × p^0.65
```

500 ಪಾಸ್ಕಲ್‌ಗೆ ಅದು 0.51 ಆಗುತ್ತದೆ. 68 ಚದರ ಮೀಟರಿಗೆ ಮಿತಿ ಸೆಕೆಂಡಿಗೆ 34.8 ಲೀಟರ್.

ತುದಿಗಳನ್ನು ಮುಚ್ಚಿದ ಡಕ್ಟಿಗೆ ಗಾಳಿ ತುಂಬುವ ಟೆಸ್ಟ್ ಫ್ಯಾನ್ ಎಷ್ಟು ತಿರುಗಿದರೂ ಒತ್ತಡ 300 ಪಾಸ್ಕಲ್ ದಾಟಲಿಲ್ಲ. ಅಲ್ಲಿ ಸೋರಿಕೆ 40 ಲೀಟರ್. ಅವರ ವಾದ: ಮಿತಿ 34.8, ಬಂದದ್ದು 40, ಐದು ಲೀಟರ್ ಹೆಚ್ಚಾದರೆ ಏನಾಯಿತು? 300ರಲ್ಲಿ ಅಳೆದದ್ದನ್ನು 500ರ ಮಿತಿಯ ಪಕ್ಕ ಇಟ್ಟು ನೋಡಿದರೆ ಹಾಗೇ ಕಾಣುತ್ತದೆ. ಆದರೆ 300 ಪಾಸ್ಕಲ್‌ನಲ್ಲಿ ಮಿತಿಯೇ 24.9ಕ್ಕೆ ಇಳಿಯುತ್ತದೆ. ಅಂದರೆ ಸೋರಿಕೆ ಮಿತಿಯ 1.6 ಪಟ್ಟು. ಇದೇ ಡಕ್ಟು 500 ಮುಟ್ಟಿದ್ದರೆ ಸುಮಾರು 56 ಲೀಟರ್ ಸೋರುತ್ತಿತ್ತು.

ಆಮೇಲೆ ಇನ್ನೊಂದು ವಾದ ಬಂತು, "ಕ್ಲಾಸ್ ಎ ಪಾಸಾಗಿದೆಯಲ್ಲ?" ಆಗಿದೆ, ನಿಜ. ಕ್ಲಾಸ್ ಎ ಮಿತಿ ಬಿಗಿಂತ ಮೂರು ಪಟ್ಟು ಸಡಿಲ. ಅಕ್ಷರಮಾಲೆಯಲ್ಲಿ ಎ ಮೊದಲು ಬರುವುದರಿಂದ ಅದೇ ಮೇಲಿನ ದರ್ಜೆ ಅಂದುಕೊಳ್ಳುವವರನ್ನು ಪ್ರತಿ ಸೈಟಲ್ಲೂ ನೋಡಿದ್ದೇನೆ.

ಮಂಗಳವಾರ

ಎನ್‌ಸಿಆರ್, ಅಂದರೆ ಕೆಲಸ ಸ್ಪೆಕ್ಕಿಗೆ ತಕ್ಕಂತಿಲ್ಲ ಎಂಬ ಲಿಖಿತ ವರದಿ, ಬರೆಯುವ ಮುಂಚೆ ತಪ್ಪು ಡಕ್ಟಿನದೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಇಲ್ಲದಿದ್ದರೆ "ನಿಮ್ಮ ಮಷಿನ್ನೇ ಲೀಕು" ಎಂಬ ಉತ್ತರ ಬರುತ್ತದೆ. ಫ್ಯಾನಿನಿಂದ ಡಕ್ಟಿಗೆ ಹೋಗುವ ಪೈಪಿನ ಬಾಯನ್ನು ತಗಡಿನಿಂದ ಮುಚ್ಚಿ ಓಡಿಸಿದೆವು. ಒತ್ತಡ ತಟಕ್ಕನೆ ಏರಿತು, ಹರಿವು ಸೊನ್ನೆಯ ಹತ್ತಿರ ನಿಂತಿತು. ಮಷಿನ್ ಸರಿಯಿದೆ. ಕ್ಯಾಲಿಬ್ರೇಶನ್ ಸರ್ಟಿಫಿಕೇಟಿನ ತಾರೀಕೂ ಸರಿ. ಆದರೆ ಡಕ್ಟಿನ ಒಂದು ತುದಿಯನ್ನು ಪ್ಲಾಸ್ಟಿಕ್ ಹಾಳೆ, ಟೇಪಿನಿಂದ ಮುಚ್ಚಿದ್ದರು. ಅದು ಬಲೂನಿನ ಹಾಗೆ ಉಬ್ಬಿ ಅಂಚಲ್ಲಿ ಸುಯ್ ಎನ್ನುತ್ತಿತ್ತು. ಗ್ಯಾಸ್ಕೆಟ್ ಇಟ್ಟು ತಗಡು ಬಿಗಿಸಿದ ಮೇಲೆ 300ರಲ್ಲಿ 40 ಇದ್ದದ್ದು 38ಕ್ಕೆ ಇಳಿಯಿತು. ಹಾಗಾದರೆ ಮಿಕ್ಕಿದ್ದೆಲ್ಲ ಡಕ್ಟಿನದೇ.

ಫ್ಯಾನ್ ಓಡುತ್ತಿರುವಾಗಲೇ ಫೋರ್‌ಮನ್ ಜೊತೆ ಏಣಿ ಹತ್ತಿ ಬ್ರಷ್‌ನಲ್ಲಿ ಸೋಪು ನೀರು ಬಳಿಯುತ್ತಾ ಹೋದೆ. ಉದ್ದದ ಸೀಮ್‌ಗಳಲ್ಲಿ ಹೆಚ್ಚೇನೂ ಇಲ್ಲ. ಡಕ್ಟಿನ ತುಂಡುಗಳು ಸೇರುವ ಫ್ಲೇಂಜ್ ಜಾಯಿಂಟುಗಳ ನಾಲ್ಕು ಮೂಲೆಗಳಲ್ಲಿ ಕೆಳಗಿನ ಎರಡೂ ಶುದ್ಧ, ಒಂದು ಗುಳ್ಳೆಯೂ ಏಳಲಿಲ್ಲ. ಮೇಲಿನ ಮೂಲೆಗಳಿಗೆ ಬ್ರಷ್ ತಾಗಿಸಿದ್ದೇ ತಡ, ನೊರೆ ಮುದ್ದೆಮುದ್ದೆಯಾಗಿ ಹೊಮ್ಮಿತು.

ಕಾರಣ ಕಣ್ಣೆದುರೇ ಇತ್ತು. ಡಕ್ಟಿಗೂ ಸ್ಲ್ಯಾಬಿಗೂ ನಡುವೆ ಹತ್ತು ಸೆಂಟಿಮೀಟರ್ ಜಾಗ. ಮೊದಲು ಎತ್ತಿ ನೇತುಹಾಕಿ, ಜಾಯಿಂಟ್ ಬಿಗಿಸಿ, ಆಮೇಲೆ ಸೀಲಂಟ್ ಬಳಿದಿದ್ದಾರೆ. ಮೇಲ್ಬದಿಗೆ ಕೈ ಹೋಗಿಲ್ಲ, ಕೈ ಹೋಗದ ಕಡೆ ಸೀಲಂಟೂ ಹೋಗಿಲ್ಲ. ಮೊಬೈಲನ್ನು ಆ ಸಂದಿಗೆ ತೂರಿಸಿ ಫೋಟೋ ತೆಗೆದೆ: ಮಡಚಿದ ಫ್ಲೇಂಜಿಗೂ ಮೂಲೆಯ ತುಂಡಿಗೂ ನಡುವೆ ಬಳಪದ ಕಡ್ಡಿ ಹಿಡಿಸುವಷ್ಟು ತೂತು, ಗ್ಯಾಸ್ಕೆಟ್ ಮೂಲೆಗೆ ಬರುವ ಮುಂಚೆಯೇ ಮುಗಿದಿದೆ. ಕವಲು ಹೊರಡುವ ಕಾಲರಿನಲ್ಲೂ ಇದೇ ಕಥೆ. ಒಳಗೆ ಮಡಚಿದ ಹಲ್ಲುಗಳ ನಡುವೆ ಸೀಲಂಟಿನ ಗುರುತೇ ಇಲ್ಲ.

"ಇದು ಕೆಳಗಿಂದ ಕಾಣಲ್ಲ ಮೇಡಂ" ಎಂದ ಫೋರ್‌ಮನ್. ಗಾಳಿಗೆ ಕಾಣುತ್ತದಲ್ಲ ಎಂದೆ. ನಕ್ಕ.

ಬುಧವಾರ

ಎನ್‌ಸಿಆರ್ ಇವತ್ತು ಹೋಯಿತು. ಕಂಟ್ರಾಕ್ಟರ್ ಆಫೀಸಿಗೆ ಇಂಗ್ಲಿಷಿನದು, ಫೋರ್‌ಮನ್ ಕೈಗೆ ಅದನ್ನೇ ಕನ್ನಡದಲ್ಲಿ ಒಂದು ಹಾಳೆ. ಕೆಲಸ ಮಾಡುವವನಿಗೆ ಅರ್ಥವಾಗದ ಎನ್‌ಸಿಆರ್ ಬರೀ ಫೈಲಿನ ತೂಕ. ಹಾಳೆಯಲ್ಲಿ ಬರೆದದ್ದು ಹೀಗೆ:

"ಆಗಿರುವುದು: 68 ಚದರ ಮೀಟರ್ ಭಾಗದಲ್ಲಿ ಒತ್ತಡ 500 ಮುಟ್ಟಿಲ್ಲ. 300 ಪಾಸ್ಕಲ್‌ನಲ್ಲಿ ತುದಿ ಸರಿಪಡಿಸಿದ ಮೇಲೂ ಸೋರಿಕೆ 38 ಲೀಟರ್, ಅಲ್ಲಿನ ಮಿತಿ 24.9. ಆಗಬೇಕಿರುವುದು: 500 ಪಾಸ್ಕಲ್‌ನಲ್ಲಿ 34.8ಕ್ಕೆ ಮೀರಬಾರದು. ಮೇಲಿನ ಮೂಲೆ ಸೋರುವ ಜಾಯಿಂಟುಗಳನ್ನು ಬಿಚ್ಚಿ ಡಕ್ಟ್ ಕೆಳಗಿಳಿಸಿ. ಮೂಲೆಯ ತುಂಡಿನ ಸಂದಿಗೆ ಮೊದಲು ಸೀಲಂಟ್, ಆಮೇಲೆ ಮೂಲೆ ದಾಟಿ ಕೂರುವಂತೆ ಹೊಸ ಗ್ಯಾಸ್ಕೆಟ್, ಆಮೇಲೆ ಬೋಲ್ಟ್. ಕಾಲರಿಗೆ ಒಳಗಿನಿಂದ ಸೀಲಂಟ್. ಹೊರಗೆ ಅಲ್ಯೂಮಿನಿಯಂ ಟೇಪ್ ಸುತ್ತಿದ್ದನ್ನು ರಿಪೇರಿ ಎಂದು ಒಪ್ಪುವುದಿಲ್ಲ. ಮರುಟೆಸ್ಟ್ ಪಾಸಾಗುವ ತನಕ ಈ ಮಹಡಿಯಲ್ಲಿ ಇನ್ಸುಲೇಶನ್ ಇಲ್ಲ, ಫಾಲ್ಸ್ ಸೀಲಿಂಗ್ ಇಲ್ಲ."

ಟೇಪಿನ ಸಾಲಿಗೆ ತಕರಾರು ಬಂತು. ಟೇಪ್ ಸುತ್ತಿದರೆ ನಾಳೆಯ ಟೆಸ್ಟ್ ಪಾಸಾಗಬಹುದು, ಅದೇ ತೊಂದರೆ. ಧೂಳು ಮೆತ್ತಿದ ತಗಡಿನ ಮೇಲೆ ಅಂಟು ಒಣಗಿ ಟೇಪ್ ಬಿಡುವ ಹೊತ್ತಿಗೆ ಅದರ ಮೇಲೆ ಇನ್ಸುಲೇಶನ್ನಿನ ನೈಟ್ರೈಲ್ ರಬ್ಬರ್ ಮೆತ್ತಿರುತ್ತದೆ. ಆಗ ಹುಡುಕುವವರು ಯಾರು?

ಇದೇ ಕೈಗಳು ಉಳಿದ ಡಕ್ಟನ್ನೂ ಕಟ್ಟಿರುವುದರಿಂದ, ಅದೇ ಮಹಡಿಯಿಂದ ನಾನು ಆರಿಸುವ ಇನ್ನೆರಡು ಭಾಗಗಳಿಗೂ ಟೆಸ್ಟ್ ಎಂದು ಸೇರಿಸಿದೆ. ಮುಂದೆ ಕಟ್ಟುವ ಡಕ್ಟಿಗೆ ಸೀಲಂಟ್ ಹಚ್ಚುವುದು ನೆಲದ ಮೇಲೆ, ಎತ್ತುವ ಮುಂಚೆ. ಇದನ್ನು ಅವರೇ ಬರೆದುಕೊಡಬೇಕು.

ಮುಂದಿನ ಮಂಗಳವಾರ

ಸೀಲಂಟ್ ಡಬ್ಬಿಯ ಮೇಲೆ 48 ಗಂಟೆ ಒಣಗಲು ಬಿಡಿ ಎಂದಿದೆ. ಭಾನುವಾರವೇ ಟೆಸ್ಟ್ ಮಾಡೋಣ ಎಂದು ಫೋನ್ ಬಂದಿತ್ತು, ಒಪ್ಪಲಿಲ್ಲ. ಹಸಿ ಸೀಲಂಟನ್ನು 500 ಪಾಸ್ಕಲ್ ಒಳಗಿಂದ ತಳ್ಳಿದರೆ ಅಲ್ಲೇ ಹೊಸ ತೂತು ಬೀಳುತ್ತದೆ.

ಮರುಟೆಸ್ಟ್ ರಿಪೇರಿಯಾದ ಜಾಯಿಂಟಿಗಷ್ಟೇ ಅಲ್ಲ, ಪೂರ್ತಿ 68 ಚದರ ಮೀಟರಿಗೆ. ಒತ್ತಡವನ್ನು ನಿಧಾನ ಏರಿಸಿದೆವು. ಈ ಸಲ 500 ಸಲೀಸಾಗಿ ಬಂತು, ಹರಿವು 27 ಲೀಟರ್. ಅಲ್ಲೇ 15 ನಿಮಿಷ ಹಿಡಿದೆವು. ಈ ಹೊತ್ತಿನಲ್ಲಿ ಸಂಖ್ಯೆ ಮೆಲ್ಲಗೆ ಏರುತ್ತಿದ್ದರೆ ಎಲ್ಲೋ ಸೀಲ್ ಬಿಡುತ್ತಿದೆ ಎಂದರ್ಥ. 27ರಲ್ಲೇ ನಿಂತಿತು. ಫ್ಯಾನ್ ಆರಿಸಿ ಒತ್ತಡ ಸೊನ್ನೆಗೆ ಬಿಟ್ಟು, ತಕ್ಷಣ ಮತ್ತೆ 500ಕ್ಕೆ ತಂದೆವು. ತಗಡು ಉಬ್ಬಿ ಕುಗ್ಗಿದಾಗ ಸೀಲ್ ಬಿರುಕು ಬಿಟ್ಟಿದ್ದರೆ ಈ ಎರಡನೇ ಓದಿನಲ್ಲಿ ಸಿಗುತ್ತದೆ. ಮತ್ತೆ 27. ಹಾಳೆಗೆ ಸಹಿ ಹಾಕಿದೆ.

ಹೆಚ್ಚುವರಿ ಎರಡರಲ್ಲಿ ಒಂದು ಪಾಸು. ಇನ್ನೊಂದರಲ್ಲಿ ಗಾಳಿಯ ಹರಿವು ಹೊಂದಿಸುವ ಡ್ಯಾಂಪರಿನ ಕಡ್ಡಿ ಹೊರಬರುವ ತೂತಿನಿಂದ ಗಾಳಿ ಬೆರಳಿಗೇ ತಾಗುತ್ತಿದೆ, ಕಡ್ಡಿಯ ಸುತ್ತ ಕೂರುವ ಬುಶ್ ಹಾಕಿಲ್ಲ. ಆ ಡ್ಯಾಂಪರು ಈ ಮಹಡಿಯಲ್ಲಿ ಒಟ್ಟು 14 ಇವೆ. ಎನ್‌ಸಿಆರ್ ಮುಚ್ಚಿಲ್ಲ. ನಾಳೆ ಬೆಳಿಗ್ಗೆ ಹದಿನಾಲ್ಕನ್ನೂ ನೋಡಬೇಕು.