ಕೂಲರ್ ಫ್ಯಾನ್ ನಿಧಾನ, ಮೋಟರ್ ಬಿಸಿ: ರೀವೈಂಡಿಂಗ್‌ಗೆ ಕಳಿಸುವ ಮೊದಲು

ಬೇಸಿಗೆಯಲ್ಲಿ ಕೋಲಾರದ ನಮ್ಮ ರಿಪೇರಿ ಅಂಗಡಿಗೆ ಈ ದೂರು ಜಾಸ್ತಿ ಬರುತ್ತದೆ: ಪಂಪು ನೀರು ಎತ್ತುತ್ತದೆ, ಫ್ಯಾನ್ ನಿಧಾನ, ಮೋಟರ್ ಮುಟ್ಟಿದರೆ ಸುಡುತ್ತದೆ. ಪಂಪಿಗೆ ಬೇರೆ ಸ್ವಿಚ್ ಇರುತ್ತದೆ. ಅದು ಓಡಿದರೆ ಕೂಲರ್‌ಗೆ ಕರೆಂಟ್ ಬಂದಿದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ಟೊಮೆಟೊ ಮಂಡಿಯೊಂದರಿಂದ ಬಂದ ಕೂಲರ್ ನೋಡಿ. ಯಾರೋ ಆಗಲೇ ಹೊಸ ಕೆಪಾಸಿಟರ್ ಹಾಕಿದ್ದರು. ಏನೂ ಬದಲಾಗಿರಲಿಲ್ಲ. "ವೈಂಡಿಂಗ್ ಹೋಗಿದೆ ಅಂದ್ರು ಅಣ್ಣಾ, ರೀವೈಂಡ್ ಮಾಡ್ಸಿಬಿಡಿ" ಅಂದರು ಮಾಲೀಕರು.

ಬಿಸಿಯಾಗಿದ್ದಕ್ಕೇ ವೈಂಡಿಂಗ್ ಸುಟ್ಟಿದೆ ಅನ್ನೋಕಾಗಲ್ಲ. ಈ ಮೋಟರ್ ತಣ್ಣಗಾಗುವುದು ತನ್ನದೇ ಫ್ಯಾನಿನ ಗಾಳಿಯಿಂದ. ಯಾವ ಕಾರಣಕ್ಕೆ ನಿಧಾನವಾದರೂ ಬಿಸಿ ಏರುತ್ತದೆ.

ಪ್ಲಗ್ ಕಿತ್ತು ಕೈಯಲ್ಲಿ ತಿರುಗಿಸಿದೆ. ಫ್ಯಾನ್ ಹಗುರವಾಗಿ ಸುತ್ತಿತು, ಬುಷ್ ಹಿಡಿದಿರಲಿಲ್ಲ. ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಒಂದು ವೈರ್ ಬಿಚ್ಚಿ ಅಳೆದೆ. ಮೇಲೆ 4 ಎಂಎಫ್‌ಡಿ ಅಂತಿತ್ತು, ಮೀಟರ್ 3.9 ತೋರಿಸಿತು. ಸರಿ ಇದೆ. ಇದೇ 2.5ಕ್ಕೆ ಇಳಿದಿದ್ದರೆ ಫ್ಯಾನ್ ಎಲ್ಲ ಸ್ಪೀಡಲ್ಲೂ ಸೊರಗುತ್ತಿತ್ತು, ಕೆಲವೊಮ್ಮೆ ಹೊರಡಲು ಕೈಯಿಂದ ತಳ್ಳಬೇಕಾಗುತ್ತಿತ್ತು. ಸ್ಪೀಡ್ ಬರಲಿ ಅಂತ 4ರ ಜಾಗಕ್ಕೆ 6 ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ, ಸ್ಟಾರ್ಟಿಂಗ್ ವೈಂಡಿಂಗ್‌ಗೆ ಜಾಸ್ತಿ ಕರೆಂಟ್ ಹೋಗಿ ಒಳ್ಳೆ ಮೋಟರೂ ಸುಡುತ್ತದೆ.

ಸುಳಿವು ಸಿಕ್ಕಿದ್ದು ಓಡಿಸಿ ನೋಡಿದಾಗ. ಲೋ ಸ್ಪೀಡಲ್ಲಿ ಫ್ಯಾನ್ ಸರಿಯಾಗಿ ತಿರುಗುತ್ತಿತ್ತು. ಹೈಗೆ ಹಾಕಿದರೆ ಗುಂಯ್ ಅಂತ ಇನ್ನೂ ನಿಧಾನವಾಗುತ್ತಿತ್ತು! ಕೆಪಾಸಿಟರ್ ಸೋತರೆ ಹೀಗೆ ಒಂದೇ ಸ್ಪೀಡ್ ಕೆಡುವುದಿಲ್ಲ.

ಮತ್ತೆ ಪ್ಲಗ್ ಕಿತ್ತು, ಸ್ಪೀಡ್ ಸ್ವಿಚ್ಚಿನಿಂದ ಮೋಟರ್ ವೈರ್‌ಗಳನ್ನೆಲ್ಲ ಬಿಚ್ಚಿದೆ. ಬಿಚ್ಚದೆ ಮೀಟರನ್ನು ಬೀಪ್‌ಗೆ ಹಾಕಿ ನೋಡಿದರೆ ವೈಂಡಿಂಗ್ ಮೂಲಕವೇ ಬೀಪ್ ಬಂದು ದಾರಿ ತಪ್ಪಿಸುತ್ತದೆ. ಹೈನಲ್ಲಿಟ್ಟು ಫೇಸ್ ಬರುವ ಟರ್ಮಿನಲ್‌ನಿಂದ ಒಂದೊಂದೇ ಟರ್ಮಿನಲ್ ಮುಟ್ಟಿದೆ. ಹೈ ಟರ್ಮಿನಲ್ ಮಾತ್ರ ಬೀಪ್ ಕೊಡಬೇಕು. ಇಲ್ಲಿ ಮೀಡಿಯಮ್ ಕೂಡ ಕೊಟ್ಟಿತು. ಒಳಗೆ ಕಾಂಟ್ಯಾಕ್ಟ್ ಸುಟ್ಟು, ಪ್ಲಾಸ್ಟಿಕ್ ಕರಗಿ, ಹೈಗೆ ಹಾಕಿದಾಗ ಎರಡು ಎಲೆಗಳೂ ಒಟ್ಟಿಗೆ ಕೂಡುತ್ತಿದ್ದವು. ಹಾಗಾದಾಗ ಹೈಗೂ ಮೀಡಿಯಮ್‌ಗೂ ನಡುವಿನ ಸುತ್ತುಗಳು ಶಾರ್ಟ್ ಆಗುತ್ತವೆ. ಅವುಗಳಲ್ಲೇ ಭಾರೀ ಕರೆಂಟ್ ಸುತ್ತುತ್ತದೆ, ಮೋಟರ್ ಕಾಯುತ್ತದೆ, ಬಲ ಕಳೆದುಕೊಳ್ಳುತ್ತದೆ. ವೈಂಡಿಂಗ್ ಒಳಗೇ ಶಾರ್ಟ್ ಆದ ಹಾಗೇ ಕಾಣುತ್ತದೆ.

ಇಷ್ಟು ದಿನ ಬಿಸಿ ತಿಂದ ವೈಂಡಿಂಗ್ ಉಳಿದಿದೆಯಾ ಅಂತಲೂ ನೋಡಬೇಕಲ್ವಾ? ಕೆಲವೇ ಸುತ್ತು ಶಾರ್ಟ್ ಆಗಿದ್ದರೆ ಓಮ್ ಲೆಕ್ಕದಲ್ಲಿ ಗೊತ್ತಾಗದು. ಅದಕ್ಕೆ ಮೋಟರಿನ ಬಾಡಿಗೆ ಕರೆಂಟ್ ಲೀಕ್ ಇಲ್ಲ ಅಂತ ನೋಡಿಕೊಂಡು, ಸ್ವಿಚ್ ಬಿಟ್ಟು ಫೇಸನ್ನು ನೇರ ಹೈ ವೈರ್‌ಗೆ ಕೊಟ್ಟೆ. ಮಿಕ್ಕ ಸ್ಪೀಡ್ ವೈರ್‌ಗಳ ತುದಿಗೆ ಬೇರೆ ಬೇರೆ ಟೇಪ್ ಸುತ್ತಲೇಬೇಕು, ಮೋಟರ್ ಓಡುವಾಗ ಅವುಗಳಲ್ಲೂ ಕರೆಂಟ್ ಇರುತ್ತದೆ. ಫ್ಯಾನ್ ಪೂರ್ತಿ ಸ್ಪೀಡಲ್ಲಿ ಅರ್ಧ ಗಂಟೆ ಓಡಿತು. ಸುಟ್ಟ ವಾರ್ನಿಷ್ ವಾಸನೆ ಬರಲಿಲ್ಲ. ಪ್ಲಗ್ ಕಿತ್ತ ಮೇಲೆ ಬಾಡಿ ಮೇಲೆ ಕೈ ಇಡಲು ಆಗುತ್ತಿತ್ತು.

ಹೊಸ ಸ್ವಿಚ್ ಹಾಕಿ ಕಳಿಸಿದೆ. ನೇರ ಕೊಟ್ಟಾಗಲೂ ಫ್ಯಾನ್ ನಿಧಾನವಾಗೇ ತಿರುಗಿ, ಹತ್ತು ನಿಮಿಷದಲ್ಲಿ ಸುಡುವಂತಾಗಿದ್ದರೆ ಆ ಮೋಟರನ್ನು ರೀವೈಂಡಿಂಗ್‌ಗೇ ಕೊಡುತ್ತಿದ್ದೆ.