ಲಾಫರ್ ಕರ್ವ್ ಶೀಟ್, ಮೂರನೇ ವಾರ: ಪೀಕ್ ಒಂದೇ ಕಡೆ ನಿಲ್ತಿಲ್ಲ

ಶನಿವಾರ ರಾತ್ರಿ, ಹಾಸನ. ತೆರಿಗೆ ರೇಟ್ ಏರಿದಂಗೆ ಸರ್ಕಾರಕ್ಕೆ ಬರೋ ದುಡ್ಡು ಹೆಂಗೆ ಬದಲಾಗತ್ತೆ ಅಂತ ನೋಡೋಕೆ ಒಂದು ಸ್ಪ್ರೆಡ್‌ಶೀಟ್ ಮಾಡ್ತಿದೀನಿ, ಅದರ ಗ್ರಾಫ್ ಹೋದ ವಾರಾನೇ ಬಂತು. ತೆರಿಗೆ 0% ಇದ್ರೆ ಸರ್ಕಾರಕ್ಕೆ ಏನೂ ಬರಲ್ಲ, 100% ಇದ್ರೆ ಯಾರೂ ದುಡಿದು ಲೆಕ್ಕ ತೋರ್ಸಲ್ಲ, ಮಧ್ಯ ಎಲ್ಲೋ ಒಂದು ಪೀಕ್. 1974ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲಾಫರ್ ವಾಷಿಂಗ್ಟನ್‌ನಲ್ಲಿ ಊಟದ ನ್ಯಾಪ್ಕಿನ್ ಮೇಲೆ ಬರೆದು ತೋರ್ಸಿದ್ರು ಅಂತಾರಲ್ಲ, ಅದು ಇದೇ. ಇಷ್ಟಕ್ಕೆ ಹೆಚ್ಚು ಜಗಳ ಇಲ್ಲ, ಜಗಳ ಇರೋದು ಪೀಕ್ ಎಲ್ಲಿ ಅನ್ನೋದ್ರಲ್ಲಿ. ಈ ವಾರ ಶೀಟಿಗೆ ಹಾಕಿದ್ದು ತುಂಬಾ ಶ್ರೀಮಂತರ ಮೇಲಿನ ರೇಟಿಗೆ ಬಳಸೋ ಸೂತ್ರ:

```
t = 1/(1 + a*e)
```

`t` ಅಂದ್ರೆ ಪೀಕ್ ಬರೋ ತೆರಿಗೆ ರೇಟ್. `a` ಅಂದ್ರೆ ಮೇಲಿನ ಆದಾಯ ಹೆಂಗೆ ಹಂಚಿಕೊಂಡಿದೆ ಅನ್ನೋ ಅಳತೆ. ಅಮೆರಿಕಕ್ಕೆ ಸುಮಾರು 1.5, ಅಂದ್ರೆ ಒಂದು ದೊಡ್ಡ ಮೊತ್ತ ದಾಟಿದವರ ಸರಾಸರಿ ಆದಾಯ ಆ ಮೊತ್ತದ ಮೂರು ಪಟ್ಟು. `e` ಅಂದ್ರೆ ತೆರಿಗೆ ಕಟ್ಟಿ ಕೈಗೆ ಉಳಿಯೋ ಪಾಲು 10% ಕಮ್ಮಿ ಆದ್ರೆ ಜನ ತೋರ್ಸೋ ಆದಾಯ ಎಷ್ಟು ಇಳಿಯತ್ತೆ ಅನ್ನೋದು, 2.5% ಇಳಿದ್ರೆ `e` 0.25. ಆ 0.25 ಹಾಕಿದ್ರೆ ಪೀಕ್ 73%, 2011ರಲ್ಲಿ ಅರ್ಥಶಾಸ್ತ್ರಜ್ಞರಾದ ಡೈಮಂಡ್ ಮತ್ತು ಸಾಯೆಜ್ ಹೇಳಿದ್ದೂ ಇದೇ (ಎಲ್ಲ ತೆರಿಗೆ ಸೇರಿಸಿ, ಬರೀ ಇನ್‌ಕಮ್ ಟ್ಯಾಕ್ಸ್ ಅಲ್ಲ). 0.5 ಹಾಕಿದ್ರೆ 57%, 1 ಹಾಕಿದ್ರೆ 40%. ಸೂತ್ರ ಅದೇ, ಒಂದು ನಂಬರ್ ಬದಲಾದ್ರೆ ಸಾಕು.

ಸೋಮವಾರ. ಹಾಗಾದ್ರೆ `e` ಅಳೆಯೋದು ಹೆಂಗೆ? ತೆರಿಗೆ ಬದಲಾದ ವರ್ಷದ ಹಿಂದೆ ಮುಂದೆ ಆದಾಯ ಹೋಲಿಸೋದು ಅಂತ ನಾನೂ ಶುರು ಮಾಡಿದ್ದೆ, ಅಲ್ಲೇ ತಪ್ಪಾಗಿದ್ದು. ನಾಳೆಯಿಂದ ಪೆಟ್ರೋಲ್ ರೇಟ್ ಏರತ್ತೆ ಅಂತ ಸುದ್ದಿ ಬಂದ್ರೆ ನಮ್ಮ ಬಿಎಂ ರೋಡ್ ಬಂಕಲ್ಲಿ ಹಿಂದಿನ ಸಂಜೆ ಕ್ಯೂ, ಮಾರನೇ ದಿನ ಖಾಲಿ ಖಾಲಿ. ಆ ಎರಡೇ ದಿನ ನೋಡಿದವ್ರು ಜನ ಗಾಡಿ ಓಡಿಸೋದೇ ಬಿಟ್ರು ಅಂದ್ಕೋತಾರೆ, ಆದ್ರೆ ಬದಲಾಗಿದ್ದು ಟ್ಯಾಂಕ್ ತುಂಬಿಸೋ ದಿನ ಅಷ್ಟೇ. ಅಮೆರಿಕದಲ್ಲಿ 1993ಕ್ಕೆ ಇನ್‌ಕಮ್ ಟ್ಯಾಕ್ಸ್‌ನ ಮೇಲಿನ ರೇಟ್ 31ರಿಂದ 39.6%ಗೆ ಏರ್ತು. ಏರತ್ತೆ ಅಂತ ಗೊತ್ತಿದ್ದ ದೊಡ್ಡ ಕಂಪನಿಗಳ ಅಧಿಕಾರಿಗಳು 1992ರಲ್ಲೇ ಸ್ಟಾಕ್ ಆಪ್ಷನ್, ಅಂದ್ರೆ ಮೊದಲೇ ನಿಗದಿಯಾದ ಬೆಲೆಗೆ ಷೇರು ಕೊಳ್ಳೋ ಹಕ್ಕನ್ನ, ನಗದು ಮಾಡ್ಕೊಂಡ್ರು. ಅರ್ಥಶಾಸ್ತ್ರಜ್ಞ ಗೂಲ್ಸ್‌ಬಿ ಇದನ್ನ ಬಿಡಿಸಿ ನೋಡಿದಾಗ ಸ್ವಲ್ಪ ಅವಧಿಗೆ `e` 1ಕ್ಕಿಂತ ಮೇಲೆ, ದೀರ್ಘಾವಧಿಗೆ ಹೆಚ್ಚಂದ್ರೆ 0.4. ಅದೇ ಘಟನೆಯಿಂದ 40%ಗಿಂತ ಕೆಳಗಿನ ಪೀಕೂ ಸಿಗತ್ತೆ, 62%ಗಿಂತ ಮೇಲಿಂದೂ ಸಿಗತ್ತೆ.

ಇವತ್ತು ಬುಧವಾರ. ನಂಗೆ ಇದಕ್ಕಿಂತ ದೊಡ್ಡ ವಿಷಯ ಅನ್ನಿಸಿದ್ದು, `e` ಜನರ ಸ್ವಭಾವ ಮಾತ್ರ ಅಲ್ಲ, ಕಾನೂನಿನಲ್ಲಿರೋ ಕಿಂಡಿಗಳದ್ದೂ ಹೌದು. ಸಂಬಳಾನ ಬೇರೆ ಹೆಸರಲ್ಲಿ, ಕಮ್ಮಿ ತೆರಿಗೆ ಬೀಳೋ ಕಡೆ ತೋರ್ಸೋಕೆ ದಾರಿ ಇದ್ರೆ `e` ದೊಡ್ಡದು, ಆ ದಾರಿ ಮುಚ್ಚಿದ್ರೆ ಚಿಕ್ಕದು, ಪೀಕ್ ಬಲಕ್ಕೆ ಸರಿಯತ್ತೆ. ಅದಕ್ಕೇ ಶೀಟಲ್ಲಿ `e`ನ ಎರಡು ಕಾಲಂ ಮಾಡ್ತಿದೀನಿ, ನಿಜವಾಗ್ಲೂ ದುಡಿಮೆ ಕಮ್ಮಿ ಆಗಿದ್ದು ಒಂದು, ಆದಾಯ ಜಾಗ ಬದಲಾಯಿಸಿದ್ದು ಇನ್ನೊಂದು. ಎರಡನೇದು ಸಾಮಾನ್ಯವಾಗಿ ಬೇರೆ ಕಡೆ ಸ್ವಲ್ಪ ತೆರಿಗೆ ಕಟ್ಟತ್ತೆ, ಆ ದುಡ್ಡು ಈಗಿನ ಸೂತ್ರದಲ್ಲಿ ಲೆಕ್ಕಕ್ಕೇ ಬರ್ತಿಲ್ಲ, ಮೊದಲು ಅದನ್ನ ಸೇರಿಸ್ಬೇಕು.